ಮಾತು ಇಷ್ಟ, ಪ್ರೇಮ ಬೇಡ: ಅವರು ರೈಲು ಹತ್ತುವ ಮೊದಲೇ ಹೇಳಲೇ, ಬಂದ ಮೇಲೆ ಹೇಳಲೇ?

ಧಾರವಾಡದವಳು, ಪುಣೆ · ಭಾನುವಾರ ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ನನಗೆ 29 ವರ್ಷ, ಊರು ಧಾರವಾಡ. ನಾಲ್ಕು ವರ್ಷಗಳಿಂದ ಹಿಂಜವಡಿಯಲ್ಲಿ ಕೆಲಸ, ವಾಕಡ್‌ನಲ್ಲಿ ಬಾಡಿಗೆ ಮನೆ. ಡೇಟಿಂಗ್ ಆ್ಯಪ್ ಒಂದರಲ್ಲಿ ಆರು ವಾರಗಳ ಹಿಂದೆ ಒಬ್ಬರೊಂದಿಗೆ ಮ್ಯಾಚ್ ಆಯಿತು. ಅವರ ಮನೆತನ ಕುಂದಾಪುರದ ಕಡೆಯದು, ಈಗ ಇರುವುದು ಡೊಂಬಿವಲಿಯಲ್ಲಿ. ಮೊದಲ ವಾರದಲ್ಲೇ ಮಾತು ಆ್ಯಪ್‌ನಿಂದ ವಾಟ್ಸ್ಆ್ಯಪ್‌ಗೆ ಬಂತು, ಮೂರನೆಯ ವಾರದಿಂದ ದಿನವೂ ರಾತ್ರಿ ಹನ್ನೊಂದಕ್ಕೆ ಫೋನು. ಎರಡು ಬಾರಿ ಭೇಟಿಯಾಗಿದ್ದೇವೆ. ಒಮ್ಮೆ ಇಲ್ಲಿ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ, ಇನ್ನೊಮ್ಮೆ ಮಾಟುಂಗಾದಲ್ಲಿ. ಅಂದು ತಿಂಡಿ ತಿಂದು ಫೈವ್ ಗಾರ್ಡನ್ಸ್‌ನಲ್ಲಿ ಮೂರು ಗಂಟೆ ನಡೆದಾಡಿದೆವು.

ಅವರು ಒಳ್ಳೆಯವರು. ಯಕ್ಷಗಾನದ ಬಗ್ಗೆ ಅವರಿಗೆ ಅಪಾರ ತಿಳಿವಳಿಕೆ ಇದೆ. ಬಡಗುತಿಟ್ಟಿನ ಭಾಗವತಿಕೆಯನ್ನು ಕೇಳುವುದು ಹೇಗೆ ಎಂದು ನನಗೆ ಕಲಿಸಿದ್ದೇ ಅವರು. ಆದರೆ ಎರಡನೆಯ ಭೇಟಿಯ ಹೊತ್ತಿಗೇ ನನಗೆ ಗೊತ್ತಾಗಿತ್ತು, ಇದು ಪ್ರೇಮವಲ್ಲ. ಬೇಡವೆನ್ನಲು ಅವರಲ್ಲಿ ಒಂದು ದೋಷವೂ ಇಲ್ಲ. ನನ್ನ ಮನಸ್ಸು ಆ ಕಡೆಗೆ ತಿರುಗುತ್ತಿಲ್ಲ, ಅಷ್ಟೇ.

ಈಗ ಅವರು ಬರುವ ಶನಿವಾರ ಕಲ್ಯಾಣದಲ್ಲಿ ಬೆಳಗಿನ ಇಂದ್ರಾಯಣಿ ಹತ್ತಿ ಪುಣೆಗೆ ಬರುತ್ತಿದ್ದಾರೆ. "ಈ ಸಲ ಒಂದು ಮುಖ್ಯ ವಿಷಯ ಮಾತನಾಡಬೇಕು" ಎಂದಿದ್ದಾರೆ. ನಾನು "ನೋಡೋಣ, ಬಾ" ಎಂದುಬಿಟ್ಟೆ. ಅಂದಿನಿಂದ ನಿದ್ದೆ ಇಲ್ಲ. ಮೊದಲೇ ಸಂದೇಶ ಕಳುಹಿಸಲೇ, ಎದುರಿಗೇ ಹೇಳಲೇ? ಅವರ ಸ್ನೇಹ ನನಗೆ ನಿಜವಾಗಿಯೂ ಬೇಕು.

ಅಂಧೇರಿಯ ಹೆಗಡೆ · ಭಾನುವಾರ ರಾತ್ರಿ 11:20

ಎದುರಿಗೇ ಹೇಳಿ. ಆರು ವಾರ ಮನಸ್ಸು ಬಿಚ್ಚಿ ಮಾತನಾಡಿದ ಮನುಷ್ಯನಿಗೆ ಮೊಬೈಲಿನಲ್ಲಿ ನಾಲ್ಕು ಸಾಲು ಬರೆದು ಮುಗಿಸುವುದು ಮರ್ಯಾದೆಯಲ್ಲ. ಮುಖ ನೋಡಿ ಹೇಳಿದರೆ ನಿಮ್ಮ ದನಿಯಲ್ಲಿರುವ ಪ್ರೀತಿಯೂ ಅವನಿಗೆ ತಿಳಿಯುತ್ತದೆ. ಬರೆದ ಮಾತಿಗೆ ದನಿ ಇರುವುದಿಲ್ಲ.

ಡೊಂಬಿವಲಿಯ ರಾಯರು · ಸೋಮವಾರ ಬೆಳಿಗ್ಗೆ 6:15

ಮಗಳೇ, ಮ್ಯಾಚ್ ಆಗಿದೆ ಎಂದಮೇಲೆ ಎಷ್ಟು ಗುಣ ಕೂಡಿವೆ ಎಂಬುದನ್ನು ನೀನು ಬರೆದಿಲ್ಲ. ನಕ್ಷತ್ರ ಯಾವುದು? ಹಿರಿಯರು ಜಾತಕ ನೋಡಿದ್ದಾರೆಯೇ? ಹುಡುಗ ನಮ್ಮ ಊರಿನಲ್ಲೇ ಇರುವುದರಿಂದ ಮನೆತನದ ವಿಚಾರಣೆ ಬೇಕಾದರೆ ನಾನು ಮಾಡಿಕೊಡಬಲ್ಲೆ. ಮನಸ್ಸು ಮದುವೆಯ ನಂತರವೂ ಹೊಂದಿಕೊಳ್ಳುತ್ತದೆ, ಅವಸರ ಮಾಡಬೇಡ.

ಧಾರವಾಡದವಳು, ಪುಣೆ · ಸೋಮವಾರ ಬೆಳಿಗ್ಗೆ 8:05

ರಾಯರೇ, ನಿಮ್ಮ ಕಾಳಜಿಗೆ ಕೃತಜ್ಞಳು. ಇದು ಜಾತಕದ ಹೊಂದಾಣಿಕೆಯಲ್ಲ. ಆ್ಯಪ್‌ನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿದರೆ ಅದನ್ನೂ ಮ್ಯಾಚ್ ಎನ್ನುತ್ತಾರೆ. ಎರಡೂ ಮನೆಗಳಲ್ಲಿ ಯಾರಿಗೂ ವಿಷಯ ಗೊತ್ತಿಲ್ಲ. ದಯವಿಟ್ಟು ಡೊಂಬಿವಲಿಯಲ್ಲಿ ಯಾರನ್ನೂ ವಿಚಾರಿಸಬೇಡಿ.

ಕೊಥ್ರೂಡಿನ ಸಮಾಲೋಚಕಿ · ಸೋಮವಾರ ಮಧ್ಯಾಹ್ನ 1:30

ತಂಗಿ, ನಾನು ಪುಣೆಯಲ್ಲಿ ಹದಿನಾಲ್ಕು ವರ್ಷಗಳಿಂದ ಆಪ್ತಸಮಾಲೋಚನೆ ಮಾಡುತ್ತಿದ್ದೇನೆ. ಇದೇ ಪ್ರಶ್ನೆಯನ್ನು ಹೊತ್ತು ಬರುವವರು ಬಹಳ. ನಿಮ್ಮ ವಿಷಯದಲ್ಲಿ ನನ್ನ ಉತ್ತರ: ಅವರು ರೈಲು ಹತ್ತುವ ಮೊದಲೇ ಹೇಳಿ.

ಹೆಗಡೆಯವರ ಮಾತಿನಲ್ಲಿ ಅರ್ಧ ನಿಜವಿದೆ. ತಿಂಗಳುಗಟ್ಟಲೆ ಪ್ರೇಮಿಗಳಾಗಿಯೇ ಇದ್ದವರು ಬೇರೆಯಾಗುವಾಗ ಎದುರು ಕುಳಿತು ಹೇಳಬೇಕು. ನೀವಿಬ್ಬರೂ ಅಲ್ಲಿಗೆ ಇನ್ನೂ ಬಂದಿಲ್ಲ. ಶನಿವಾರ ಏನಾಗುತ್ತದೆ ಎಂದು ಕಲ್ಪಿಸಿಕೊಳ್ಳಿ. ಅವರು ನಸುಕಿನಲ್ಲಿ ಎದ್ದು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಎರಡೂವರೆ ಗಂಟೆ ರೈಲಿನಲ್ಲಿ ಆ ಮುಖ್ಯ ವಿಷಯವನ್ನು ಮನಸ್ಸಿನಲ್ಲೇ ಹತ್ತು ಬಾರಿ ಹೇಳಿಕೊಂಡು ಬರುತ್ತಾರೆ. ನೀವು ಹೋಟೆಲಿನ ಮೇಜಿನ ಎದುರು ಬೇಡ ಎನ್ನುತ್ತೀರಿ. ಅವರ ಮರಳುವ ರೈಲು ಬಹುಶಃ ಸಂಜೆಯದು. ಆ ನಡುವಿನ ಹೊತ್ತಿನಲ್ಲಿ ಪರಿಚಯವಿಲ್ಲದ ಊರಿನಲ್ಲಿ ಅವರು ಎಲ್ಲಿಗೆ ಹೋಗಬೇಕು? ಅಳು ಬಂದರೆ ಎಲ್ಲಿ ಅಳಬೇಕು? ಎದುರಿಗೆ ಹೇಳಿದರೆ ಹೇಳಿದವರಿಗೆ ತಾನು ಧೈರ್ಯವಂತೆ ಎಂಬ ಸಮಾಧಾನ ಸಿಗುತ್ತದೆ. ಕೇಳಿದವರಿಗೆ ಮುಖ ಮುಚ್ಚಿಕೊಳ್ಳಲು ಜಾಗ ಸಿಗುವುದಿಲ್ಲ.

ಇನ್ನೊಂದು ಮಾತು. ನೀವು "ನೋಡೋಣ" ಎಂದಿದ್ದೀರಿ. ನಮ್ಮ ಮನೆಗಳಲ್ಲಿ ಹಿರಿಯರು "ನೋಡೋಣ" ಎಂದರೆ ಬಹುತೇಕ ಇಲ್ಲವೆಂದೇ ಅರ್ಥ. ಪ್ರೀತಿಸುತ್ತಿರುವವರ ಕಿವಿಗೆ ಅದೇ ಮಾತು ಅರ್ಧ ಒಪ್ಪಿಗೆಯಾಗಿ ಕೇಳಿಸುತ್ತದೆ. ಅದಕ್ಕೇ ತಡಮಾಡಬೇಡಿ. ಏನು ಬರೆಯಬೇಕೆಂದು ಕರಡು ಮಾಡಿಕೊಂಡಿದ್ದರೆ ಇಲ್ಲಿ ಹಾಕಿ, ನೋಡುತ್ತೇನೆ.

ವಾಸ್ಕೋದ ಪಾಟೀಲ · ಸೋಮವಾರ ಸಂಜೆ 7:10

ಆ ಕಡೆ ಕುಳಿತವನ ಮಾತನ್ನೂ ಕೇಳಿ. ನಾನು ಬೆಳಗಾವಿಯವನು, ಒಂಬತ್ತು ವರ್ಷಗಳಿಂದ ವಾಸ್ಕೋದಲ್ಲಿದ್ದೇನೆ. ಎರಡು ವರ್ಷಗಳ ಹಿಂದೆ ಪಣಜಿಯ ಒಬ್ಬ ಹುಡುಗಿಯೊಂದಿಗೆ ಮಾತು ಬೆಳೆದಿತ್ತು. ಆಕೆ ನನಗೆ ನೇರವಾಗಿ ಏನನ್ನೂ ಹೇಳಲಿಲ್ಲ. ರಕ್ಷಾಬಂಧನದ ದಿನ "ನೀವು ನನಗೆ ಅಣ್ಣನ ಹಾಗೆ" ಎಂದು ಒಂದು ರಾಖಿಯ ಚಿತ್ರ ಕಳುಹಿಸಿದಳು. ಹಿಂದಿನ ರಾತ್ರಿಯಷ್ಟೇ ಒಂದೂವರೆ ಗಂಟೆ ಮಾತನಾಡಿದ್ದೆವು. ಬೇಡ ಎಂದಿದ್ದರೆ ನೋವಾಗುತ್ತಿತ್ತು, ಅಷ್ಟೇ. ಅಣ್ಣ ಎಂದದ್ದರಿಂದ ನಾಚಿಕೆಯಾಯಿತು. ಅಷ್ಟು ದಿನ ನನ್ನ ಮನಸ್ಸಿನಲ್ಲಿದ್ದದ್ದು ಕೊಳಕು ಎನ್ನುವ ಹಾಗೆ.

ಅದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. ಆಕೆ ಬೆಳಗಿನ ಶುಭೋದಯ, ರಾತ್ರಿಯ ಫೋನು ಯಾವುದನ್ನೂ ನಿಲ್ಲಿಸಲಿಲ್ಲ. ಕಚೇರಿಯಲ್ಲಿ ಬೇಸರವಾದರೆ ನನಗೇ ಕರೆ. ನಾನು ಎಂಟು ತಿಂಗಳು ಕಾದೆ. ಬಾಯಲ್ಲಿ ಅಣ್ಣ, ನಡೆಯಲ್ಲೆಲ್ಲ ಮೊದಲಿನ ಹಾಗೆಯೇ. ಯಾವುದನ್ನು ನಂಬಬೇಕಿತ್ತು? ಆದ್ದರಿಂದ ತಂಗಿ, ಸಂದೇಶ ಕಳುಹಿಸಿದ ಮೇಲೆ ರಾತ್ರಿ ಹನ್ನೊಂದರ ಫೋನನ್ನು ನೀವೇ ನಿಲ್ಲಿಸಿ. ಅವನಿಂದ ಅದು ಆಗುವುದಿಲ್ಲ.

ಧಾರವಾಡದವಳು, ಪುಣೆ · ಸೋಮವಾರ ರಾತ್ರಿ 9:40

ಪಾಟೀಲರೇ, ಓದಿ ಎದೆ ಭಾರವಾಯಿತು. ನಾನೂ ಅಣ್ಣ ಎನ್ನುವ ಉಪಾಯವನ್ನು ಯೋಚಿಸಿದ್ದೆ. ಇನ್ನು ಅದನ್ನು ಮಾಡುವುದಿಲ್ಲ. ಅಕ್ಕ, ನನ್ನ ಕರಡು ಇದು:

"ನಿಮ್ಮಷ್ಟು ಒಳ್ಳೆಯವರು ನನಗೆ ಇದುವರೆಗೆ ಸಿಕ್ಕಿಲ್ಲ. ನೀವು ನನಗೆ ತುಂಬಾ ಇಷ್ಟ. ನಿಮ್ಮೊಂದಿಗೆ ಮಾತನಾಡದ ದಿನ ಏನೋ ಕಳೆದುಕೊಂಡ ಹಾಗೆ ಆಗುತ್ತದೆ. ಆದರೆ ಸದ್ಯಕ್ಕೆ ಕೆಲಸದ ಒತ್ತಡ ಬಹಳ ಇದೆ, ಬೇರೆ ಯಾವುದಕ್ಕೂ ನಾನು ಸಿದ್ಧಳಿಲ್ಲ ಎನ್ನಿಸುತ್ತದೆ. ನಾವು ಯಾವಾಗಲೂ ಒಳ್ಳೆಯ ಸ್ನೇಹಿತರಾಗಿಯೇ ಇರೋಣ, ದಯವಿಟ್ಟು ಇಲ್ಲ ಎನ್ನಬೇಡಿ. ತಪ್ಪು ತಿಳಿಯಬೇಡಿ."

ಕೊಥ್ರೂಡಿನ ಸಮಾಲೋಚಕಿ · ಸೋಮವಾರ ರಾತ್ರಿ 10:30

ಇದರಲ್ಲಿ ಮಮತೆ ಇದೆ, ಉತ್ತರ ಇಲ್ಲ. ಅವರ ಕಣ್ಣಿನಿಂದ ಓದೋಣ.

ಮೊದಲ ಮೂರು ವಾಕ್ಯ ಓದುವಾಗ ಅವರ ಎದೆ ಹಿಗ್ಗುತ್ತದೆ. ಇದು ಪ್ರೇಮನಿವೇದನೆ ಎಂದೇ ಅವರು ಓದುತ್ತಾರೆ. ಅದರಲ್ಲೂ "ನೀವು ನನಗೆ ಇಷ್ಟ" ಎಂಬ ಮಾತು. ಕನ್ನಡದಲ್ಲಿ ದೋಸೆಯೂ ಇಷ್ಟ, ಮಳೆಯೂ ಇಷ್ಟ, ಆದರೆ ಒಬ್ಬ ಹುಡುಗಿ ಹುಡುಗನಿಗೆ "ನೀವು ಇಷ್ಟ" ಎಂದರೆ ಅದಕ್ಕೆ ಒಂದೇ ಅರ್ಥ. ಇಷ್ಟವಾದದ್ದು ಅವರ ಮಾತು, ಅವರ ಯಕ್ಷಗಾನದ ತಿಳಿವಳಿಕೆ. ಹಾಗೆಂದು ಆ ವಿಷಯವನ್ನೇ ಹೆಸರಿಸಿ ಬರೆಯಿರಿ. ಆಗ ಅದು ಹೊಗಳಿಕೆಯಾಗಿ ಉಳಿಯುತ್ತದೆ, ಆಸೆ ಹುಟ್ಟಿಸುವುದಿಲ್ಲ.

ಮುಂದೆ "ಸದ್ಯಕ್ಕೆ". ನೀವು ನೋವು ತಗ್ಗಿಸಲು ಹಾಕಿದ ಪದ ಇದು. ಅವರಿಗೆ ಇದು ಒಂದು ದಿನಾಂಕ. ಸದ್ಯಕ್ಕೆ ಬೇಡವಾದರೆ ಮುಂದೆ ಯಾವಾಗ ಎಂದು ಅವರು ಎಣಿಸತೊಡಗುತ್ತಾರೆ. "ಕೆಲಸದ ಒತ್ತಡ" ಇನ್ನೂ ಅಪಾಯ. ಪರಿಹಾರ ಇರುವ ಕಾರಣವನ್ನು ಕೊಟ್ಟರೆ, ಒಳ್ಳೆಯ ಮನುಷ್ಯ ಪರಿಹಾರವನ್ನೇ ತರುತ್ತಾನೆ. "ಪರವಾಗಿಲ್ಲ, ಈ ಪ್ರಾಜೆಕ್ಟ್ ಮುಗಿಯುವವರೆಗೆ ಕಾಯುತ್ತೇನೆ" ಎಂದು ಉತ್ತರ ಬಂದರೆ ನೀವೇನು ಹೇಳುತ್ತೀರಿ? ಆಗ ಇನ್ನೊಂದು ಸುಳ್ಳು ಕಾರಣ ಬೇಕಾಗುತ್ತದೆ. "ಎನ್ನಿಸುತ್ತದೆ" ಎಂಬುದೂ ಬೇಡ. ನಿಮಗೆ ಎನ್ನಿಸುತ್ತಿಲ್ಲ, ಗೊತ್ತಿದೆ.

ಕೊನೆಗೆ "ಇಲ್ಲ ಎನ್ನಬೇಡಿ". ನೋವು ಆದವರು ಅವರು, ಆದರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸವನ್ನೂ ನೀವು ಅವರಿಗೇ ಹೊರಿಸುತ್ತಿದ್ದೀರಿ. ಸ್ನೇಹ ಕೊಡುತ್ತೇನೆ ಎನ್ನುವಾಗ ಬೇಡ ಎನ್ನುವ ದಾರಿಯನ್ನೂ ಜೊತೆಗೇ ಕೊಡಬೇಕು.

ಡೊಂಬಿವಲಿಯ ರಾಯರು · ಮಂಗಳವಾರ ಬೆಳಿಗ್ಗೆ 6:00

ಮಗಳೇ, ನಿನ್ನೆ ನಾನು ತಪ್ಪು ತಿಳಿದೆ. ಯಾರಲ್ಲೂ ವಿಚಾರಿಸುವುದಿಲ್ಲ, ನಿಶ್ಚಿಂತಳಾಗಿರು.

ಒಂದು ಹಳೆಯ ಪದ್ಧತಿಯನ್ನು ಹೇಳುತ್ತೇನೆ. ನಮ್ಮ ಕಾಲದಲ್ಲಿ ಹೆಣ್ಣು ನೋಡಿ ಬಂದ ಮೇಲೆ ಒಪ್ಪಿಗೆ ಇಲ್ಲದಿದ್ದರೆ ಎಂಟು ದಿನದೊಳಗೆ ನಡುವಿನವರ ಮೂಲಕ "ಜಾತಕ ಕೂಡಿಬರಲಿಲ್ಲ" ಎಂದು ಹೇಳಿ ಕಳುಹಿಸುತ್ತಿದ್ದೆವು. ಜಾತಕ ಕೂಡಿದ್ದರೂ ಹಾಗೆಯೇ ಹೇಳುತ್ತಿದ್ದೆವು. ಎರಡೂ ಮನೆಯವರ ಮರ್ಯಾದೆ ಉಳಿಯುತ್ತಿತ್ತು, ಅವರು ಬೇರೆ ಸಂಬಂಧ ನೋಡಲು ಹೊರಡುತ್ತಿದ್ದರು. ಈ ನಿಜ ಹೇಳುವ ಹಟ ಏಕೆ? ಒಂದು ಸಣ್ಣ ಸುಳ್ಳು ಎಷ್ಟೋ ಮನಸ್ಸುಗಳನ್ನು ಕಾಪಾಡಿದೆ.

ಕೊಥ್ರೂಡಿನ ಸಮಾಲೋಚಕಿ · ಮಂಗಳವಾರ ಬೆಳಿಗ್ಗೆ 9:15

ರಾಯರೇ, ನೀವು ಹೇಳಿದ್ದು ನನಗೆ ಬಹಳ ಹಿಡಿಸಿತು. ಆ ಸುಳ್ಳು ಕೆಲಸ ಮಾಡುತ್ತಿದ್ದುದಕ್ಕೆ ಕಾರಣವಿತ್ತು. ಜಾತಕವನ್ನು ಯಾರೂ ತಿದ್ದಿ ತರಲಾಗದು. ಅದು ಬಾಗಿಲನ್ನು ಪೂರ್ತಿ ಮುಚ್ಚುತ್ತಿತ್ತು. ಅದರ ನಿಜವಾದ ಅರ್ಥ ಎರಡೂ ಮನೆಗಳಿಗೆ ತಿಳಿದಿತ್ತು, ಆದ್ದರಿಂದ ಮೋಸವೂ ಆಗುತ್ತಿರಲಿಲ್ಲ. ಮತ್ತೆ ಆ ಹುಡುಗ ಹುಡುಗಿ ಮುಂದೆ ಮಾತನಾಡಬೇಕಾಗಿಯೂ ಇರಲಿಲ್ಲ. ಇವಳಿಗೆ ಮಾತು ಮುಂದುವರಿಯಬೇಕು. ಸುಳ್ಳು ಕಾರಣ ಹೇಳಿ ಸ್ನೇಹ ಇಟ್ಟುಕೊಂಡರೆ ಆ ಸುಳ್ಳನ್ನು ವರ್ಷಗಟ್ಟಲೆ ಸಾಕಬೇಕು. ನಿಮ್ಮ ಎಂಟು ದಿನದ ಗಡುವು ಮಾತ್ರ ಇಂದಿಗೂ ಚಿನ್ನದಂಥದ್ದು.

ಠಾಣೆಯ ವಕೀಲೆ · ಮಂಗಳವಾರ ಮಧ್ಯಾಹ್ನ 2:45

ಸ್ಪಷ್ಟವಾಗಿ ಬರೆದು ಹೇಳುವುದಕ್ಕೆ ಇನ್ನೊಂದು ಬೆಲೆಯೂ ಇದೆ. ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು ಹಿಂಬಾಲಿಸುವ ಅಪರಾಧದ ಬಗ್ಗೆ ಹೇಳುತ್ತದೆ. ಹೆಣ್ಣು ತನಗೆ ಆಸಕ್ತಿ ಇಲ್ಲವೆಂದು ಸ್ಪಷ್ಟವಾಗಿ ಸೂಚಿಸಿದ ಮೇಲೂ ಗಂಡಸು ಮತ್ತೆ ಮತ್ತೆ ಸಂಪರ್ಕಿಸಿದರೆ ಅಪರಾಧ. ಮೊದಲ ಬಾರಿಗೆ ಮೂರು ವರ್ಷದವರೆಗೆ, ಮರುಕಳಿಸಿದರೆ ಐದು ವರ್ಷದವರೆಗೆ ಶಿಕ್ಷೆ. ನನ್ನ ಬಳಿಗೆ ಬರುವ ಅನೇಕ ಹುಡುಗಿಯರ ಮೊಬೈಲಿನಲ್ಲಿ ಆ ಸ್ಪಷ್ಟ ಸೂಚನೆಯೇ ಇರುವುದಿಲ್ಲ. "ಬಿಡುವಿಲ್ಲ", "ಆಮೇಲೆ ಮಾತನಾಡೋಣ", "ನೋಡೋಣ" ಇಷ್ಟೇ ಇರುತ್ತವೆ. ನಿಮ್ಮ ಸಂದೇಶದಲ್ಲಿ ಒಂದು ನೇರ ವಾಕ್ಯ ಇರಲಿ, ಅದನ್ನು ಅಳಿಸಬೇಡಿ.

ಧಾರವಾಡದವಳು, ಪುಣೆ · ಮಂಗಳವಾರ ಸಂಜೆ 6:20

ಮೇಡಂ, ತಿಳಿಸಿದ್ದಕ್ಕೆ ಧನ್ಯವಾದ. ಆದರೆ ಅವರು ಅಂಥವರಲ್ಲ. ಅವರಿಗೆ ಬರೆಯುವ ಮಾತಿನಲ್ಲಿ ಕಾನೂನಿನ ನೆರಳು ಬೀಳುವುದು ನನಗೆ ಇಷ್ಟವಿಲ್ಲ.

ಠಾಣೆಯ ವಕೀಲೆ · ಮಂಗಳವಾರ ಸಂಜೆ 6:50

ನೆರಳು ಬೀಳಬೇಕಾಗಿಲ್ಲ. ಆ ನೇರ ವಾಕ್ಯ ಒಳ್ಳೆಯವನಿಗೆ ಉತ್ತರ, ಕೆಟ್ಟವನಿಗೆ ಎಚ್ಚರಿಕೆ. ಒಂದೇ ವಾಕ್ಯ ಸಾಕು.

ಧಾರವಾಡದವಳು, ಪುಣೆ · ಮಂಗಳವಾರ ರಾತ್ರಿ 9:30

ಮತ್ತೆ ಬರೆದೆ. ಮೂರನೆಯ ವಾರದಿಂದ ಇಬ್ಬರೂ "ನೀನು" ಎನ್ನುತ್ತಿದ್ದೇವೆ. ಈಗ ಇದ್ದಕ್ಕಿದ್ದಂತೆ "ನೀವು" ಎಂದರೆ ದೂರ ತಳ್ಳಿದ ಹಾಗೆ ಆಗುತ್ತದೆ ಎಂದು "ನೀನು" ಎಂದೇ ಬರೆದಿದ್ದೇನೆ.

"ಶನಿವಾರ ನೀನು ಬರುವ ಮೊದಲೇ ಒಂದು ವಿಷಯ ಹೇಳಬೇಕು. ನಮ್ಮ ನಡುವೆ ಪ್ರೇಮವಾಗಲಿ ಮದುವೆಯಾಗಲಿ ನನ್ನ ಮನಸ್ಸಿನಲ್ಲಿಲ್ಲ, ಮುಂದೆ ಅದು ಬದಲಾಗುವುದೂ ಇಲ್ಲ. ಇದು ನನಗೆ ಮಾಟುಂಗಾದಲ್ಲಿ ಭೇಟಿಯಾದಾಗಲೇ ತಿಳಿದಿತ್ತು. ಆಗಲೇ ಹೇಳಬೇಕಿತ್ತು, ತಡಮಾಡಿದ್ದು ನನ್ನ ತಪ್ಪು. ನೀನು ಯಕ್ಷಗಾನದ ಬಗ್ಗೆ ಹೇಳುತ್ತಿದ್ದ ಮಾತುಗಳು ನನಗೆ ನಿಜವಾಗಿ ಸಂತೋಷ ಕೊಟ್ಟಿವೆ. ಸ್ನೇಹಿತರಾಗಿ ಆ ಮಾತು ಮುಂದುವರಿದರೆ ನನಗೆ ಇಷ್ಟ. ನಿನಗೆ ಅದು ಬೇಡವೆನ್ನಿಸಿದರೆ ಅದನ್ನೂ ಒಪ್ಪುತ್ತೇನೆ. ಶನಿವಾರ ಬರುವುದು ಬಿಡುವುದು ನಿನಗೆ ಬಿಟ್ಟದ್ದು."

ಅಂಧೇರಿಯ ಹೆಗಡೆ · ಮಂಗಳವಾರ ರಾತ್ರಿ 10:05

ಇದನ್ನು ಓದಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿತು. ಬರವಣಿಗೆಯಲ್ಲೂ ಮರ್ಯಾದೆ ಇರಬಹುದು. ಆದರೆ ಫೋನು ಮಾಡಿ ಇದೇ ಮಾತನ್ನು ಬಾಯಿಂದ ಹೇಳಬಾರದೇಕೆ? ದಿನವೂ ಫೋನಿನಲ್ಲಿ ಮಾತನಾಡಿದವರು ಇದೊಂದನ್ನು ಮಾತ್ರ ಬರೆಯುವುದು ನನಗೆ ಇನ್ನೂ ಸರಿ ಕಾಣುವುದಿಲ್ಲ.

ಕೊಥ್ರೂಡಿನ ಸಮಾಲೋಚಕಿ · ಮಂಗಳವಾರ ರಾತ್ರಿ 10:40

ಹೆಗಡೆಯವರೇ, ಫೋನು ತಪ್ಪು ಎನ್ನಲಾರೆ. ಮಾತಿನ ನಡುವೆ ಅಳುಕದೆ ಒಂದೇ ನೆಲೆಯಲ್ಲಿ ನಿಲ್ಲಬಲ್ಲವರಿಗೆ ಅದು ಚೆನ್ನ. ಇವಳು "ನೋಡೋಣ, ಬಾ" ಎಂದವಳು. ಆ ಕಡೆಯಿಂದ ದನಿ ನಡುಗಿದರೆ ಇವಳು ಮತ್ತೆ "ನೋಡೋಣ" ಎಂದುಬಿಡುತ್ತಾಳೆ ಎಂಬುದು ನನ್ನ ಭಯ. ಬರೆದದ್ದು ನಡುಗುವುದಿಲ್ಲ. ಅವರೂ ಅದನ್ನು ಎರಡು ಸಲ ಓದಬಹುದು.

ತಂಗಿ, ಕರಡು ಈಗ ನೆಟ್ಟಗಿದೆ. ಹೇಳಬೇಕಾದ ಮಾತು ಎರಡನೆಯ ವಾಕ್ಯದಲ್ಲೇ ಬಂದಿದೆ. ಕಾರಣ ಕೊಡದಿರುವುದೂ ಸರಿ, ಮನಸ್ಸಿನಲ್ಲಿಲ್ಲ ಎಂಬುದೇ ಕಾರಣ. ಅವರು ಏಕೆ ಎಂದು ಕೇಳಿದರೆ ಒಮ್ಮೆ ಉತ್ತರಿಸಿ: "ನಿನ್ನಲ್ಲಿ ಕೊರತೆ ಹುಡುಕಿ ಹೇಳಿದ್ದಲ್ಲ, ನನ್ನೊಳಗೆ ಆ ಭಾವ ಹುಟ್ಟಲಿಲ್ಲ." ಎರಡನೆಯ ಬಾರಿ ಕೇಳಿದರೆ ಅದೇ ವಾಕ್ಯ, ಹೊಸ ವಿವರ ಬೇಡ. ವಿವರ ಸೇರಿಸುತ್ತ ಹೋದರೆ ಅದು ವಾದವಾಗುತ್ತದೆ. ವಾದದಲ್ಲಿ ಗೆದ್ದರೆ ನಿಮ್ಮ ಮನಸ್ಸೂ ಸಿಗುತ್ತದೆ ಎಂದು ಅವರಿಗೆ ತೋರಬಹುದು.

ಕೊನೆಯ ಸಾಲನ್ನು ಮಾತ್ರ ಬದಲಿಸಿ. "ನಿನಗೆ ಬಿಟ್ಟದ್ದು" ಎಂದರೆ ಅವರು ಬಂದೇ ಬರುತ್ತಾರೆ, ಒಲಿಸಿಕೊಳ್ಳಲು. "ಈ ಶನಿವಾರ ಭೇಟಿಯಾಗುವುದು ಬೇಡ" ಎಂದೇ ಬರೆಯಿರಿ. ಟಿಕೆಟ್ ರದ್ದು ಮಾಡಲು ಹೊತ್ತು ಇರಲಿ, ಆದಷ್ಟು ಬೇಗ ರದ್ದು ಮಾಡಿದರೆ ಹಣವೂ ಹೆಚ್ಚು ಮರಳುತ್ತದೆ. ಆದ್ದರಿಂದ ನಾಳೆ ಬುಧವಾರವೇ ಕಳುಹಿಸಿ. ಸಂಜೆ ಏಳಕ್ಕೆ ಬೇಡ, ಆಗ ಅವರು ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ನಿಂತಿರುತ್ತಾರೆ. ಹನ್ನೊಂದಕ್ಕೂ ಬೇಡ, ಅದು ನಿಮ್ಮಿಬ್ಬರ ಫೋನಿನ ಹೊತ್ತು, ಸಂದೇಶ ಕೂಡಲೇ ಕರೆಯಾಗುತ್ತದೆ. ಒಂಬತ್ತರ ಸುಮಾರಿಗೆ ಕಳುಹಿಸಿ. ಅಂದು ರಾತ್ರಿ ಕರೆ ಬಂದರೆ ಎತ್ತದೆ "ಇಂದು ಮಾತನಾಡುವುದಿಲ್ಲ, ನಾಳೆ ಸಂಜೆ ಏಳಕ್ಕೆ ಹತ್ತು ನಿಮಿಷ ಮಾತನಾಡುತ್ತೇನೆ" ಎಂದು ಬರೆಯಿರಿ. ಬೇರೆ ಕಡೆ ಬರೆದು, ಓದಿ, ಆಮೇಲೆ ವಾಟ್ಸ್ಆ್ಯಪ್‌ಗೆ ಹಾಕಿ. ಕಳುಹಿಸಿ ಅಳಿಸಿದರೆ ಅಳಿಸಿದ ಗುರುತು ಉಳಿಯುತ್ತದೆ. ಆ ಖಾಲಿ ಗುರುತನ್ನು ನೋಡುತ್ತ ಒಬ್ಬ ಮನುಷ್ಯ ಒಂದು ರಾತ್ರಿಯನ್ನೇ ಕಳೆಯಬಲ್ಲ.

ಇನ್ನೊಂದನ್ನು ನಿಮ್ಮನ್ನೇ ಕೇಳಬೇಕು. ನಿಮಗೆ ಬೇಕಾಗಿರುವುದು ಅವರ ಸ್ನೇಹವೇ, ಅಥವಾ ದಿನಕ್ಕೊಮ್ಮೆ ಕನ್ನಡವೇ?

ಧಾರವಾಡದವಳು, ಪುಣೆ · ಬುಧವಾರ ನಸುಕು 1:10

ಅಕ್ಕ, ಆ ಕೊನೆಯ ಪ್ರಶ್ನೆಯನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಕಚೇರಿಯಲ್ಲಿ ದಿನವಿಡೀ ಇಂಗ್ಲಿಷ್, ಹಿಂದಿ. ಮನೆಯ ಮಾಲೀಕರೊಂದಿಗೆ, ತರಕಾರಿಯವರೊಂದಿಗೆ ನನ್ನ ಅರೆಬರೆ ಮರಾಠಿ. ಅಮ್ಮ ಒಂಬತ್ತಕ್ಕೇ ಮಲಗುತ್ತಾಳೆ. ರಾತ್ರಿ ಹನ್ನೊಂದಕ್ಕೆ ಅವರ ಫೋನು ಬಂದಾಗ ಮನೆಗೆ ಬಂದ ಹಾಗೆ ಆಗುತ್ತಿತ್ತು. ನಾನು ಕಾಯುತ್ತಿದ್ದದ್ದು ಅವರನ್ನೋ ಆ ಮಾತನ್ನೋ ಎಂದು ಈಗಲೂ ಪೂರ್ತಿ ಬೇರ್ಪಡಿಸಿ ಹೇಳಲಾರೆ. ಯಕ್ಷಗಾನದ ವಿಷಯ ಬೇರೆ ಯಾರೊಂದಿಗೆ ಮಾತನಾಡಿದರೂ ಹಾಗೆ ಆಗುವುದಿಲ್ಲ ಎಂಬುದು ಮಾತ್ರ ಗೊತ್ತು.

ವಾಸ್ಕೋದ ಪಾಟೀಲ · ಬುಧವಾರ ಬೆಳಿಗ್ಗೆ 7:30

ನಿಜ ಹೇಳಿದಿರಿ. ನಮ್ಮಂಥ ಪರಊರಿನವರಿಗೆ ಇದು ದೊಡ್ಡ ಗೊಂದಲ. ನನಗೂ ಆಕೆ ಬೇಕಾಗಿದ್ದಳೋ, ಆಕೆ ಆಡುತ್ತಿದ್ದ ಕನ್ನಡ ಬೇಕಾಗಿತ್ತೋ, ಇಂದಿಗೂ ತಿಳಿದಿಲ್ಲ.

ಧಾರವಾಡದವಳು, ಪುಣೆ · ಗುರುವಾರ ರಾತ್ರಿ 9:50

ನಿನ್ನೆ ಒಂಬತ್ತು ಗಂಟೆ ಐದು ನಿಮಿಷಕ್ಕೆ ಕಳುಹಿಸಿದೆ. ಕೊನೆಯ ಸಾಲನ್ನು "ಈ ಶನಿವಾರ ಭೇಟಿಯಾಗುವುದು ಬೇಡ, ಟಿಕೆಟ್ ರದ್ದು ಮಾಡು. ಕೂಡಲೇ ಉತ್ತರಿಸಬೇಕಾಗಿಲ್ಲ" ಎಂದು ಬದಲಿಸಿದ್ದೆ. ಎರಡೇ ನಿಮಿಷದಲ್ಲಿ ಓದಿದ್ದಾರೆ ಎಂದು ತೋರಿಸಿತು. ಬರೆಯುತ್ತಿದ್ದಾರೆ ಎಂದು ಬಂತು, ನಿಂತಿತು, ಮತ್ತೆ ಬಂತು. ನಾನು ಮೊಬೈಲನ್ನು ಅಡುಗೆಮನೆಯಲ್ಲಿ ಇಟ್ಟು ಬಂದೆ.

ಹನ್ನೊಂದಕ್ಕೆ ಕರೆ ಬರಲಿಲ್ಲ. ಇಂದು ಬೆಳಿಗ್ಗೆ ಉತ್ತರ ಬಂತು. ಪೂರ್ತಿ ಇಲ್ಲಿ ಹಾಕುವುದು ಸರಿಯಲ್ಲ. ನೋವಾಗಿದೆ, ರೈಲಿನಲ್ಲಿ ಕುಳಿತ ಮೇಲೆ ಹೇಳದೆ ಮೊದಲೇ ಹೇಳಿದ್ದು ಒಳ್ಳೆಯದಾಯಿತು, ಆದರೆ ಮಾಟುಂಗಾದಲ್ಲೇ ತಿಳಿದಿದ್ದರೆ ಆಮೇಲಿನ ಎರಡು ವಾರ ಪ್ರತಿ ರಾತ್ರಿ ಏಕೆ ಮಾತನಾಡಿದೆ ಎಂದು ಕೇಳಿದ್ದಾರೆ. ಸ್ನೇಹದ ವಿಷಯ ಈಗ ಹೇಳಲಾರೆ ಎಂದಿದ್ದಾರೆ.

ಆ ಎರಡು ವಾರದ ಪ್ರಶ್ನೆಗೆ ಏನು ಉತ್ತರಿಸಲಿ?

ಅಂಧೇರಿಯ ಹೆಗಡೆ · ಗುರುವಾರ ರಾತ್ರಿ 10:15

ಅದನ್ನು ಬರೆಯಬಾರದಿತ್ತು. ತಡವಾಯಿತು ಎಂದು ಒಪ್ಪಿಕೊಂಡದ್ದೇ ಅವನಿಗೆ ಹೊಸ ಗಾಯವಾಯಿತು.

ಕೊಥ್ರೂಡಿನ ಸಮಾಲೋಚಕಿ · ಗುರುವಾರ ರಾತ್ರಿ 10:45

ನಾನು ಒಪ್ಪುವುದಿಲ್ಲ. ಬರೆಯದಿದ್ದರೂ ಆ ಎರಡು ವಾರವನ್ನು ಅವರು ತಾವೇ ಲೆಕ್ಕ ಹಾಕುತ್ತಿದ್ದರು. ಅವರ ಕೋಪ ನ್ಯಾಯವಾದದ್ದು, ಅದನ್ನು ತಣಿಸಲು ಹೋಗಬೇಡಿ. ಉತ್ತರ ಇಷ್ಟೇ ಇರಲಿ: "ನನಗೆ ಒಂಟಿತನವಿತ್ತು, ಮಾತು ನಿಲ್ಲುತ್ತದೆ ಎಂಬ ಭಯವಿತ್ತು. ನಿನಗೆ ಅನ್ಯಾಯವಾಯಿತು." ಆಮೇಲೆ ಕಡಿಮೆ ಎಂದರೂ ಮೂರು ವಾರ ಏನನ್ನೂ ಕಳುಹಿಸಬೇಡಿ. ಶುಭೋದಯ ಬೇಡ, ಯಕ್ಷಗಾನದ ತುಣುಕು ಬೇಡ, ಅವರ ಸ್ಟೇಟಸ್‌ಗೆ ಹೃದಯದ ಗುರುತು ಖಂಡಿತ ಬೇಡ. ಮಾತು ಮತ್ತೆ ಶುರುವಾಗುವುದಾದರೆ ಅವರ ಕಡೆಯಿಂದ ಶುರುವಾಗಲಿ. ಅದು ಹಗಲಿನ ಹೊತ್ತಿನಲ್ಲಿ, ಯಾವುದಾದರೂ ವಿಷಯದ ಬಗ್ಗೆ ಇರಲಿ. ಮತ್ತೆ ರಾತ್ರಿ ಹನ್ನೊಂದಕ್ಕೆ, "ಏನು ಮಾಡುತ್ತಿದ್ದೀಯ" ಎಂದು ಬಂದರೆ, ಆಸೆ ಇನ್ನೂ ಆರಿಲ್ಲ ಎಂದು ತಿಳಿಯಿರಿ.

ಡೊಂಬಿವಲಿಯ ರಾಯರು · ಶುಕ್ರವಾರ ಬೆಳಿಗ್ಗೆ 6:10

ಮೂರು ವಾರ ಸಾಲದು. ಹುಡುಗನಿಗೆ ಬೇರೆ ಕಡೆ ಮದುವೆ ನಿಶ್ಚಯವಾಗುವವರೆಗೆ ಮಾತು ಬೇಡ. ಆಮೇಲೂ ಬೇಡ ಎಂದೇ ನನ್ನ ಮನಸ್ಸು ಹೇಳುತ್ತದೆ. ಗಂಡು ಹೆಣ್ಣಿನ ನಡುವೆ ಒಬ್ಬರ ಆಸೆ ಸತ್ತ ಮೇಲೆ ಸ್ನೇಹ ಉಳಿದದ್ದನ್ನು ನಾನು ಕಂಡಿಲ್ಲ.

ಠಾಣೆಯ ವಕೀಲೆ · ಶುಕ್ರವಾರ ಬೆಳಿಗ್ಗೆ 10:00

ನಾನು ಕಂಡಿದ್ದೇನೆ, ರಾಯರೇ. ನನ್ನ ಅತ್ಯಂತ ಹತ್ತಿರದ ಗೆಳೆಯ ಹತ್ತು ವರ್ಷಗಳ ಹಿಂದೆ ನನಗೆ ಬೇಡ ಎಂದವನು. ನಡುವೆ ಒಂದು ವರ್ಷ ಒಂದು ಮಾತೂ ಇರಲಿಲ್ಲ. ಆ ವರ್ಷ ಇಲ್ಲದಿದ್ದರೆ ಈ ಸ್ನೇಹವೂ ಇರುತ್ತಿರಲಿಲ್ಲ.

ಧಾರವಾಡದವಳು, ಪುಣೆ · ಐದು ವಾರಗಳ ನಂತರ, ಭಾನುವಾರ ಸಂಜೆ 5:30

ಕೇಳಿದವರಿಗಾಗಿ ಬರೆಯುತ್ತಿದ್ದೇನೆ. ಅಕ್ಕ ಹೇಳಿದಷ್ಟೇ ಉತ್ತರ ಬರೆದು ಸುಮ್ಮನಾದೆ. ಮೊದಲ ಹತ್ತು ದಿನ ರಾತ್ರಿ ಹನ್ನೊಂದು ಗಂಟೆ ಬಹಳ ಕಷ್ಟವಾಯಿತು. ಎರಡು ಸಲ ಭಾಗವತಿಕೆಯ ತುಣುಕು ಕಳುಹಿಸಲು ಹೋಗಿ ಕೈ ತಡೆದೆ. ಅದು ಅವರಿಗಾಗಿ ಅಲ್ಲ, ನನಗಾಗಿ ಎಂದು ಅರ್ಥವಾಯಿತು. ಈಗ ಆ ಹೊತ್ತಿನಲ್ಲಿ ಧಾರವಾಡದ ಹಳೆಯ ಗೆಳತಿಗೆ ಫೋನು ಮಾಡುತ್ತೇನೆ. ಕಳೆದ ಭಾನುವಾರ ಇಲ್ಲಿನ ಕನ್ನಡದವರ ಒಂದು ಕಾರ್ಯಕ್ರಮಕ್ಕೂ ಹೋಗಿ ಬಂದೆ. ಮೂವರು ಹೊಸಬರ ಪರಿಚಯವಾಯಿತು.

ನಿನ್ನೆ ಮಧ್ಯಾಹ್ನ ಅವರಿಂದ ಒಂದು ಸಂದೇಶ ಬಂತು. ಮುಂಬೈಯಲ್ಲಿ ಮುಂದಿನ ತಿಂಗಳು ಒಂದು ತಾಳಮದ್ದಳೆ ಇದೆ ಎಂಬ ಸುದ್ದಿ, ಸ್ಥಳ, ಸಮಯ. ಬೇರೆ ಒಂದು ಪದವೂ ಇಲ್ಲ. "ನೀನು" ಎಂದೂ ಇಲ್ಲ, "ನೀವು" ಎಂದೂ ಇಲ್ಲ. "ತಿಳಿಸಿದ್ದಕ್ಕೆ ಧನ್ಯವಾದ" ಎಂದಷ್ಟೇ ಉತ್ತರಿಸಿದೆ.

ಹೋಗಲೋ ಬೇಡವೋ ಇನ್ನೂ ನಿರ್ಧರಿಸಿಲ್ಲ. ಹೋದರೆ ಗೆಳತಿಯನ್ನು ಜೊತೆಗೆ ಕರೆದುಕೊಂಡು ಹೋಗುವುದು ಸರಿಯೇ, ಅಕ್ಕ? ಅಥವಾ ಅದು ಅವರಿಂದ ಅಡಗಿದ ಹಾಗೆ ಆಗುತ್ತದೆಯೇ?

ಕೊಥ್ರೂಡಿನ ಸಮಾಲೋಚಕಿ · ಭಾನುವಾರ ರಾತ್ರಿ 8:00

ಗೆಳತಿಯೊಂದಿಗೆ ಹೋಗಿ. ಬರುತ್ತಿದ್ದೇನೆ, ಜೊತೆಗೆ ಗೆಳತಿ ಇರುತ್ತಾಳೆ ಎಂದು ಮೊದಲೇ ಒಂದು ಸಾಲು ತಿಳಿಸಿ. ಅವರು ಬರುವುದೋ ಬೇಡವೋ ಎಂದು ಯೋಚಿಸಲು ಅವರಿಗೂ ದಿನ ಸಿಗಲಿ.

ವಾಸ್ಕೋದ ಪಾಟೀಲ · ಭಾನುವಾರ ರಾತ್ರಿ 8:40

ನಾನಾಗಿದ್ದರೆ ಇನ್ನೂ ಎರಡು ತಿಂಗಳು ಹೋಗಬೇಡಿ ಎನ್ನುತ್ತಿದ್ದೆ. ಸ್ಥಳ ಸಮಯ ಮಾತ್ರ ಬರೆದವನು ಆ ಸಂದೇಶವನ್ನು ಎಷ್ಟು ಸಲ ಬರೆದು ಅಳಿಸಿರುತ್ತಾನೆ ಎಂಬುದು ನನಗೆ ಗೊತ್ತು.